ಒಂದೇ ಹೊಲ, ಎರಡು ಮಣ್ಣು ರಿಪೋರ್ಟ್: ಪಿಎಚ್ 8.4 ಇದ್ದದ್ದು 7.4, ಇಂಗಾಲ 0.38 ಇದ್ದದ್ದು 0.81. ಹೀಗೂ ಆಗುತ್ತಾ?

ಎರೆಹೊಲ_ಭರಮಸಾಗರ
ಎಲ್ಲರಿಗೂ ನಮಸ್ಕಾರ. ಭರಮಸಾಗರದ ಹತ್ತಿರ ನಮ್ಮದು 4 ಎಕರೆ ಎರೆ ಹೊಲ. ಮುಂಗಾರಿಗೆ ಮೆಕ್ಕೆಜೋಳ, ಮಳೆ ಕೈ ಹಿಡಿದರೆ ಹಿಂಗಾರಿಗೆ ಕಡಲೆ. ಬೋರು ಇಲ್ಲ. ಹಿಂದೆ ಬಂದಿದ್ದ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್ 8.4, ಸಾವಯವ ಇಂಗಾಲ 0.38 ಅಂತ ಇತ್ತು. ಪಕ್ಕದಲ್ಲೇ "ಕಡಿಮೆ" ಅಂತ ಬರೆದಿತ್ತು.

ಹೋದ ವರ್ಷ ಒಂದು ಕಂಪನಿಯವರು ಬಂದು ಮಣ್ಣಿನ ಕಾರ್ಬನ್ ಜಾಸ್ತಿ ಮಾಡುತ್ತೆ, ಪಿಎಚ್ ಇಳಿಸುತ್ತೆ ಅಂತ ಹೇಳಿ ಒಂದು ದ್ರಾವಣ ಕೊಟ್ಟರು. ಎಕರೆಗೆ 5 ಲೀಟರಿನ ಒಂದು ಕ್ಯಾನ್. ಅಪ್ಪ ಒಂದು ಎಕರೆಗೆ ಹಾಕಿಸಿದರು. ಈಗ ಅವರೇ ಬಂದು ಫ್ರೀಯಾಗಿ ಮಣ್ಣು ತಗೊಂಡು ಹೋಗಿ ಪರೀಕ್ಷೆ ಮಾಡಿಸಿದ್ದಾರೆ. ಪಿಎಚ್ 7.4, ಇಂಗಾಲ 0.81, "ಹೆಚ್ಚು". ಯೂರಿಯಾ ಕಾಲು ಭಾಗ ಕಡಿಮೆ ಮಾಡಬಹುದು ಅಂತಾನೂ ಕೆಳಗೆ ಬರೆದಿದೆ. ಅಪ್ಪನಿಗೆ ಖುಷಿ, ನಾಲ್ಕೂ ಎಕರೆಗೆ ತಗೊಳ್ಳೋಣ ಅನ್ನುತ್ತಿದ್ದಾರೆ. ನನಗೆ ಯಾಕೋ ನಂಬಿಕೆ ಬರುತ್ತಿಲ್ಲ. ಈ ಎರಡು ನಂಬರಿಗೆ ನಿಜವಾಗಿ ಏನರ್ಥ? ಒಂದು ವರ್ಷದಲ್ಲಿ ಇಷ್ಟು ಬದಲಾಗುತ್ತಾ?

ಜಗಳೂರು_ಶೇಂಗಾ
8.4 ಅಂದರೆ ಚೌಳು ಹತ್ತಿದ ಭೂಮಿ ಗುರುವೇ. ಎಕರೆಗೆ ಒಂದು ಟನ್ ಜಿಪ್ಸಂ ಹೊಡೆಸಿ, ಎರಡು ಮಳೆ ಆಗಲಿ, ತಾನೇ 7ಕ್ಕೆ ಬರುತ್ತೆ. ಕ್ಯಾನ್ ಗೀನ್ ಎಲ್ಲ ದುಡ್ಡು ದಂಡ.

ಅಡಿಕೆ_ಚನ್ನಗಿರಿ
ನಮ್ಮ ತೋಟದಲ್ಲೂ ಪಿಎಚ್ ತೊಂದರೆ ಇತ್ತು. ಕೃಷಿ ವಿಜ್ಞಾನ ಕೇಂದ್ರದವರು ಸುಣ್ಣ ಹಾಕಿ ಅಂದರು. ಗಿಡದ ಬುಡಕ್ಕೆ ಸುಣ್ಣ ಕೊಟ್ಟ ಮೇಲೆ ಸೋಗೆ ಹಳದಿ ಆಗೋದು ಎಷ್ಟೋ ಕಡಿಮೆ ಆಯ್ತು. ನೀವೂ ಸುಣ್ಣ ಹಾಕಿ ನೋಡಿ.

ಓದುಗ_ಮಾತ್ರ
ಅಣ್ಣಾ, ನಿಮ್ಮದು ಎಷ್ಟಿತ್ತು ಪಿಎಚ್?

ಅಡಿಕೆ_ಚನ್ನಗಿರಿ
5.6. ಕೆಂಪು ಮಣ್ಣು.

ಓದುಗ_ಮಾತ್ರ
ಅವರದು 8.4. ಅವರ ಹೊಲಕ್ಕೆ ಸುಣ್ಣ ಹಾಕಿದರೆ ಮುಗೀತು ಕಥೆ.

ಅಂಗಡಿ_ಹೊಳಲ್ಕೆರೆ
ಒಂದು ಮಾತು. ನಾನು ಗೊಬ್ಬರ, ಔಷಧಿ ಅಂಗಡಿ ಇಟ್ಟವನು, ಆದ್ದರಿಂದ ನಾನು ಏನು ಹೇಳಿದರೂ ಮಾರೋಕೆ ಬಂದ ಅಂತೀರಿ. ಆದರೂ ಹೇಳುತ್ತೇನೆ. ಹ್ಯೂಮಿಕ್ ದ್ರಾವಣಗಳಿಂದ ಬೇರು ಚೆನ್ನಾಗಿ ಬರೋದನ್ನ ನಾನೇ ನೋಡಿದ್ದೇನೆ. ಎಲ್ಲಾ ಕಂಪನಿಯೂ ಮೋಸ ಅಲ್ಲ. ಇನ್ನು ಪಿಎಚ್ ವಿಷಯ, ಔಷಧಿ ಹೊಡೆಯುವ ನೀರಿನ ಪಿಎಚ್ ಮೊದಲು ನೋಡಿ. ನಮ್ಮ ಕಡೆ ಬೋರ್ ನೀರು ಗಡಸು, ಅದರಲ್ಲಿ ಕಲಸಿದರೆ ಕೆಲವು ಔಷಧಿ ಕೆಲಸವೇ ಮಾಡೋದಿಲ್ಲ.

ಎರೆಹೊಲ_ಭರಮಸಾಗರ
ಸರ್, ನಾನು ಕೇಳಿದ್ದು ಮಣ್ಣಿನ ಪಿಎಚ್. ಸ್ಪ್ರೇ ನೀರಿಂದಲ್ಲ.

ಲ್ಯಾಬ್_ಹಳಬ
ನಾನು ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ತಮ್ಮಾ, ನಿನ್ನ ಅನುಮಾನ ಸರಿ ಇದೆ. ಮೊದಲು ಇಂಗಾಲ ನೋಡೋಣ, ಲೆಕ್ಕ ಅಲ್ಲೇ ಸಿಕ್ಕಿಬೀಳುತ್ತೆ.

ಒಂದು ಎಕರೆಯಲ್ಲಿ ಮೇಲಿನ ಆರು ಇಂಚು ಮಣ್ಣನ್ನು ತೂಕ ಹಾಕಿದರೆ ಸುಮಾರು 9 ಲಕ್ಷ ಕೆಜಿ ಬರುತ್ತೆ. ಎರೆಯಲ್ಲಿ ಸ್ವಲ್ಪ ಕಡಿಮೆ ಬರಬಹುದು, ಲೆಕ್ಕಕ್ಕೆ 9 ಅಂತಲೇ ಇಟ್ಟುಕೋ. ರಿಪೋರ್ಟಿನಲ್ಲಿ 0.38 ಅಂದರೆ ನೂರು ಕೆಜಿ ಮಣ್ಣಿನಲ್ಲಿ 380 ಗ್ರಾಂ ಇಂಗಾಲ ಅಂತ. ಹಾಗಾದರೆ ಬರೀ 0.1 ಏರಬೇಕಾದರೂ ಎಕರೆಗೆ 900 ಕೆಜಿ ಶುದ್ಧ ಇಂಗಾಲ ಮಣ್ಣಿಗೆ ಸೇರಿ ಅಲ್ಲೇ ನಿಲ್ಲಬೇಕು. ನಿಂದು ಏರಿರೋದು 0.43. ಅಂದರೆ ಹೆಚ್ಚೂಕಡಿಮೆ 3,900 ಕೆಜಿ. ಕ್ಯಾನಿನಲ್ಲಿ ಇದ್ದದ್ದು 5 ಲೀಟರ್. ಆ 5 ಲೀಟರ್ ಪೂರ್ತಿ ಇಂಗಾಲವೇ ಆಗಿದ್ದರೂ 5 ಕೆಜಿ ಆಸುಪಾಸು ಬರುತ್ತಿತ್ತು. ಉಳಿದ 3,895 ಕೆಜಿ ಎಲ್ಲಿಂದ ಬಂತು?

ಅಂಗಡಿಯವರು ಹೇಳಿದ ಹಾಗೆ ಬೇರು ಚೆನ್ನಾಗಿ ಬಂದಿರಬಹುದು, ಅದನ್ನ ನಾನು ತೆಗೆದುಹಾಕೋದಿಲ್ಲ. ಆದರೆ ಈ ನಂಬರ್ ಅದರಿಂದ ಏರಿದ್ದಲ್ಲ. ಈಗ ನೀನು ಹೇಳಬೇಕಾದ್ದು ಇಷ್ಟೇ. ಎರಡನೇ ಸಲ ಮಣ್ಣು ತೆಗೆದವರು ಯಾರು, ಹೊಲದಲ್ಲಿ ಎಲ್ಲಿ ತೆಗೆದರು, ಎಷ್ಟು ಕಡೆ ತೆಗೆದರು?

ಓದುಗ_ಮಾತ್ರ
3,895 ಕೆಜಿ 😂 ಕ್ಯಾನ್ ಅಲ್ಲ ಅದು, ಅಕ್ಷಯಪಾತ್ರೆ.

ಎರೆಹೊಲ_ಭರಮಸಾಗರ
ನಾನು ದಾವಣಗೆರೆಯಲ್ಲಿ ಕೆಲಸದಲ್ಲಿರುತ್ತೇನೆ, ಅವತ್ತು ಇರಲಿಲ್ಲ. ತಮ್ಮನಿಗೆ ಫೋನ್ ಮಾಡಿ ಕೇಳಿದೆ. ಕಂಪನಿ ಹುಡುಗ ಬೈಕಿನಲ್ಲಿ ಬಂದನಂತೆ. ಹೊಲದಲ್ಲಿ ಕೆಸರಿತ್ತು, ಒಳಗೆ ಇಳಿಯಲೇ ಇಲ್ಲ. ರಸ್ತೆ ಕಡೆ ಮೂಲೆಯಲ್ಲಿ ಒಂದೇ ಕಡೆ ಬೆರಳುದ್ದ ಕೆದಕಿ ಕವರಿಗೆ ತುಂಬಿಕೊಂಡು ಹೋದನಂತೆ. ಆ ಮೂಲೆಯಲ್ಲಿ ಮೊದಲು ನಮ್ಮ ತಿಪ್ಪೆ ಇತ್ತು. ಟ್ರ್ಯಾಕ್ಟರ್ ಇಳಿಯೋಕೆ ಅಂತ ಅಲ್ಲಿಗೆ ಹೊರಗಿಂದ ಕೆಂಪು ಮಣ್ಣು ತಂದು ಹಾಕಿಸಿದ್ದೂ ಉಂಟು.

ಜಗಳೂರು_ಶೇಂಗಾ
ಸರಿ ಹೋಯ್ತು. ತಿಪ್ಪೆ ಟೆಸ್ಟ್ ಮಾಡಿಸಿದ್ದಾರೆ.

ಲ್ಯಾಬ್_ಹಳಬ
ಅಷ್ಟೇ ವಿಷಯ. ಲ್ಯಾಬಿನಲ್ಲಿ ಇಂಗಾಲ ಅಳೆಯೋದು ಹೇಗೆ ಗೊತ್ತಾ? ಒಂದು ಚಿಟಿಕೆ ಮಣ್ಣು. ಅದಕ್ಕೆ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ, ಆಮೇಲೆ ಗಂಧಕಾಮ್ಲ. ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುತ್ತೆ. ಇಂಗಾಲ ಜಾಸ್ತಿ ಇದ್ದಷ್ಟೂ ಕಿತ್ತಳೆ ಬಣ್ಣ ಹಸಿರಿಗೆ ತಿರುಗುತ್ತೆ. ಉಳಿದ ಡೈಕ್ರೋಮೇಟ್ ಎಷ್ಟು ಅಂತ ನೋಡಿ ಇಂಗಾಲ ಲೆಕ್ಕ ಹಾಕುತ್ತೇವೆ. ತಿಪ್ಪೆ ಮಣ್ಣು ಬಂದರೆ ಫ್ಲಾಸ್ಕು ಕಣ್ಣೆದುರೇ ಹಸಿರಾಗಿಬಿಡೋದು, ಮಣ್ಣು ಕಡಿಮೆ ಹಾಕಿ ಇನ್ನೊಮ್ಮೆ ಮಾಡುತ್ತಿದ್ದೆವು. ಇದು ನಿಮ್ಮ ಹೊಲದ ಬೇರೊಳಗಿನ ಇಂಗಾಲವೋ, ಸಗಣಿ ಪುಡಿಯದೋ ಅಂತ ಆ ಫ್ಲಾಸ್ಕಿಗೆ ಗೊತ್ತಾಗೋದಿಲ್ಲ. ಜರಡಿಯಲ್ಲಿ ಇಳಿದದ್ದೆಲ್ಲ ಲೆಕ್ಕಕ್ಕೆ ಬರುತ್ತೆ.

ಇನ್ನು ಪಿಎಚ್. ನನಗೆ ಇಂಗಾಲಕ್ಕಿಂತ ಅನುಮಾನ ಬಂದದ್ದು ಇದರ ಮೇಲೆ. ನಿಮ್ಮ ಹೊಲದಲ್ಲಿ ಉತ್ತಾಗ ಬಿಳಿ ಸುಣ್ಣದ ಹರಳು ಸಿಗುತ್ತವಾ?

ಎರೆಹೊಲ_ಭರಮಸಾಗರ
ಸಿಗುತ್ತೆ ಸರ್, ಬೇಕಾದಷ್ಟು. ಕಡಲೆಕಾಳಿನ ಗಾತ್ರದಿಂದ ನಿಂಬೆಹಣ್ಣಿನ ಗಾತ್ರದವರೆಗೆ.

ಲ್ಯಾಬ್_ಹಳಬ
ಹಾಗಾದರೆ ಕೇಳು. ಪಿಎಚ್ ಅನ್ನೋದು ಮಾರ್ಕ್ಸ್ ಅಲ್ಲ, 8.4 ಬಂತು ಅಂತ ಫೇಲ್ ಅಲ್ಲ. ಮಣ್ಣಲ್ಲಿ ಸುಣ್ಣ ಇದ್ದರೆ ಪಿಎಚ್ 8ರಿಂದ 8.5ರ ಒಳಗೆ ಬಂದು ಕೂರುತ್ತೆ. ಎರೆ ಭೂಮಿಯಲ್ಲಿ ಇದು ಮಾಮೂಲು. ಅದನ್ನ ಇಳಿಸಬೇಕು ಅಂದರೆ ಮೊದಲು ಆ ಸುಣ್ಣ ಕರಗಬೇಕು. ನಿಮ್ಮ ಮಣ್ಣಲ್ಲಿ ಬರೀ 1 ಪರ್ಸೆಂಟ್ ಸುಣ್ಣ ಇದೆ ಅಂತ ಇಟ್ಟುಕೊಂಡರೂ ಎಕರೆಗೆ 9 ಟನ್ ಆಯ್ತು. ಅದಷ್ಟನ್ನೂ ಕರಗಿಸೋಕೆ ಸುಮಾರು 3 ಟನ್ ಗಂಧಕ ಬೇಕು. ಹರಳು ಕಣ್ಣಿಗೆ ಕಾಣುವಷ್ಟು ಇದ್ದರೆ 1 ಪರ್ಸೆಂಟಿಗಿಂತ ಜಾಸ್ತಿಯೇ ಇರುತ್ತೆ. ಯಾರಾದರೂ 5 ಲೀಟರಿನಲ್ಲಿ ಇಡೀ ಹೊಲದ 8.4 ಅನ್ನು 7.4ಕ್ಕೆ ತಂದೆ ಅಂದರೆ ಬೇರೆ ಮಣ್ಣು ಕಳಿಸಿದ್ದಾರೆ ಅಂತಲೇ ಅರ್ಥ. ಪಿಎಚ್ ಲೆಕ್ಕದಲ್ಲಿ ಒಂದು ಅಂಕಿ ಅಂದರೆ ಹತ್ತು ಪಟ್ಟು, ಅದೇನು ಸಣ್ಣ ವ್ಯತ್ಯಾಸ ಅಲ್ಲ.

ಒಂದು ಕೆಲಸ ಮಾಡು. ಹೊಲದ ನಡುವಿನ ಮಣ್ಣು ಒಂದು ಹಿಡಿ, ಆ ಮೂಲೆಯ ಕೆಂಪು ಮಣ್ಣು ಒಂದು ಹಿಡಿ ತಗೊಂಡು ಬೇರೆ ಬೇರೆ ತಟ್ಟೆಯಲ್ಲಿಡು. ಎರಡರ ಮೇಲೂ ವಿನೆಗರ್ ಹುಯ್ಯಿ. ನಿಂಬೆರಸ ಆದರೂ ಆಯ್ತು. ಸುಣ್ಣ ಇದ್ದರೆ ಬುರುಗು ಬರುತ್ತೆ, ಕಿವಿ ಹತ್ತಿರ ಇಟ್ಟರೆ ಚುರ್ ಅನ್ನೋದೂ ಕೇಳುತ್ತೆ.

ಜಗಳೂರು_ಶೇಂಗಾ
ಯಜಮಾನರೇ, ಲೆಕ್ಕ ಎಲ್ಲ ಸರಿ. ಆದರೆ ನಾನು ಜಿಪ್ಸಂ ಹಾಕಿದ ವರ್ಷ ಶೇಂಗಾ ಭರ್ಜರಿ ಬಂತು. ಅದು ಸುಳ್ಳಾ?

ಲ್ಯಾಬ್_ಹಳಬ
ಸುಳ್ಳಲ್ಲ. ಶೇಂಗಾ ಕಾಯಿ ತುಂಬೋಕೆ ಕ್ಯಾಲ್ಸಿಯಂ ಬೇಕು, ಎಣ್ಣೆಗೆ ಗಂಧಕ ಬೇಕು. ಜಿಪ್ಸಂನಲ್ಲಿ ಎರಡೂ ಇದೆ. ಅದಕ್ಕೇ ಶೇಂಗಾಕ್ಕೆ ಎಕರೆಗೆ 200 ಕೆಜಿ ಕೊಡಿ ಅನ್ನೋದು. ನಿಮಗೆ ಅದು ಗೊಬ್ಬರವಾಗಿ ಕೆಲಸ ಮಾಡಿದೆ. ಅದಾದ ಮೇಲೆ ಪಿಎಚ್ ಅಳೆಸಿದ್ರಾ?

ಜಗಳೂರು_ಶೇಂಗಾ
ಇಲ್ಲ. ಬೆಳೆ ಬಂತಲ್ಲ, ಇನ್ನೇನು ಅಳೆಸೋದು.

ನಾಲೆ_ಕೊನೆ_ಹರಿಹರ
ಜಿಪ್ಸಂ ಅಂದ ತಕ್ಷಣ ನಾನು ಬರಲೇಬೇಕು. ನಮ್ಮದು ಭದ್ರಾ ನಾಲೆಯ ಕೊನೇ ಭಾಗ, ಭತ್ತದ ಗದ್ದೆ. ರಿಪೋರ್ಟಲ್ಲಿ 9.1 ಇತ್ತು. ಇದು ನಿಜವಾದ ಚೌಳು. ನೀರು ಇಂಗೋದಿಲ್ಲ, ನಿಂತ ಕಡೆ ನಿಂತೇ ಇರುತ್ತೆ. ಒಣಗಿದರೆ ಮೇಲೆ ಕಪ್ಪು ಜಿಡ್ಡಿನ ಹಾಗೆ ಹೆಪ್ಪುಗಟ್ಟಿ, ಕಾಲಿಟ್ಟರೆ ಹೆಂಚಿನ ಚೂರಿನ ಹಾಗೆ ಮುರಿಯುತ್ತೆ. ಅಂಥಾ ಕಡೆ ಜಿಪ್ಸಂ ಹಾಕಬೇಕು. ಎಷ್ಟು ಅಂತ ಲ್ಯಾಬಿನವರೇ ಬೇರೆ ಪರೀಕ್ಷೆ ಮಾಡಿ ಹೇಳಿದರು, ಅಂದಾಜಿನ ಮೇಲೆ ಹಾಕಲಿಲ್ಲ. ಹಾಕಿದ ಮೇಲೆ ನೀರು ನಿಲ್ಲಿಸಿ, ಬಸಿಗಾಲುವೆಗೆ ಬಿಟ್ಟು ತೊಳೆಯಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿದರೆ ಚೌಳಿಗೆ ಕಾರಣವಾದ ಸೋಡಿಯಂ ಹೋಗೋದು ಎಲ್ಲಿಗೆ? ನಮ್ಮ ಪಕ್ಕದವರು ಹಾಗೇ ಹಾಕಿ ಕೈ ಸುಟ್ಟುಕೊಂಡರು.

8.4 ಇದ್ದು ನೀರು ಚೆನ್ನಾಗಿ ಇಂಗುತ್ತಾ ಇದ್ದರೆ ಅದು ಚೌಳಲ್ಲ ಕಣ್ರೀ.

ಎರೆಹೊಲ_ಭರಮಸಾಗರ
ಇಂಗುತ್ತೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ, ಮೊದಲ ಮಳೆ ಪೂರ್ತಿ ಅದರೊಳಗೇ ಹೋಗುತ್ತೆ.

ಕೃಷಿ_ಡಿಪ್ಲೊಮಾ
ನಾನು ಮಣ್ಣಿನ ಮಾದರಿ ತೆಗೆಯುವ ಕೆಲಸ ಒಂದಷ್ಟು ಕಾಲ ಮಾಡಿದ್ದೇನೆ. ಎಲ್ಲರೂ ಎರಡನೇ ರಿಪೋರ್ಟ್ ಸುಳ್ಳು ಅನ್ನುತ್ತಿದ್ದೀರಿ, ಮೊದಲನೇದು ನಿಜ ಅಂತ ಯಾರು ಹೇಳಿದರು? ಮಣ್ಣು ಆರೋಗ್ಯ ಚೀಟಿ 2015ರಲ್ಲಿ ಶುರುವಾದಾಗ ಪ್ರತಿ ಹೊಲದಿಂದ ಮಣ್ಣು ತೆಗೆಯಲಿಲ್ಲ. ಗ್ರಿಡ್ ಅಂತ ಮಾಡಿ, ನೀರಾವರಿ ಇದ್ದ ಕಡೆ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಕಡೆ 10 ಹೆಕ್ಟೇರಿಗೆ ಒಂದು ಮಾದರಿ. 10 ಹೆಕ್ಟೇರ್ ಅಂದರೆ 25 ಎಕರೆ. ಆ 25 ಎಕರೆಯಲ್ಲಿ ಯಾರ್ಯಾರ ಹೊಲ ಬರುತ್ತೋ ಅವರಿಗೆಲ್ಲ ಅದೇ ನಂಬರಿನ ಚೀಟಿ. ಪಕ್ಕದ ಹೊಲದವರ ಚೀಟಿ ತಂದು ನೋಡಿ.

ಓದುಗ_ಮಾತ್ರ
ಅಂದರೆ ನನ್ನ ಹೊಲಕ್ಕೆ ಬೇರೆಯವರ ರಕ್ತ ಪರೀಕ್ಷೆ ರಿಪೋರ್ಟಾ?

ಲ್ಯಾಬ್_ಹಳಬ
ಅಷ್ಟು ಕಟುವಾಗಿ ಹೇಳಬೇಡಿ. ಪಿಎಚ್ ಮಟ್ಟಿಗೆ ಗ್ರಿಡ್ ನಂಬರ್ ತಕ್ಕಮಟ್ಟಿಗೆ ನಡೆಯುತ್ತೆ, ಯಾಕಂದರೆ ಅಕ್ಕಪಕ್ಕದ ಹೊಲಗಳು ಒಂದೇ ಎರೆ ಪಟ್ಟಿಯಲ್ಲಿದ್ದರೆ ಅದು ಹೆಚ್ಚು ಬದಲಾಗೋದಿಲ್ಲ. ಇಂಗಾಲ ಹಾಗಲ್ಲ. ಒಬ್ಬ ವರ್ಷ ವರ್ಷ ಗೊಬ್ಬರ ಹೊಡೆಸುತ್ತಾನೆ, ಇನ್ನೊಬ್ಬ ಸೊಪ್ಪೆಗೆ ಬೆಂಕಿ ಇಡುತ್ತಾನೆ. ಬದು ದಾಟಿದರೆ ಬೇರೆ ನಂಬರ್. ಡಿಪ್ಲೊಮಾದವರು ಹೇಳಿದ್ದನ್ನ ನೋಡಿಯೇಬಿಡು ತಮ್ಮಾ.

ಎರೆಹೊಲ_ಭರಮಸಾಗರ
ಭಾನುವಾರ ಊರಿಗೆ ಹೋಗಿದ್ದೆ. ಮೊದಲು ಚೀಟಿ ವಿಷಯ. ದೊಡ್ಡಪ್ಪನ ಮನೆಯಿಂದ ಅವರ ಚೀಟಿ ತರಿಸಿ ಪಕ್ಕಪಕ್ಕ ಇಟ್ಟೆ. ಪಿಎಚ್ 8.4, ಇಂಗಾಲ 0.38, ಸತು, ಬೋರಾನ್, ಎಲ್ಲಾ ಅದೇ. ಪಾಯಿಂಟ್ ಕೂಡ ಬದಲಿಲ್ಲ! ಸರ್ವೆ ನಂಬರ್ ಮಾತ್ರ ಬೇರೆ.

ಆಮೇಲೆ ವಿನೆಗರ್. ಹೊಲದ ನಡುವಿನ ಮಣ್ಣಿಗೆ ಹುಯ್ದ ಕೂಡಲೇ ಸೋಡಾ ಹಾಗೆ ಬುರುಬುರು ಅಂತ ಎದ್ದಿತು. ಅಪ್ಪ ಬಗ್ಗಿ ಕಿವಿ ಕೊಟ್ಟು ಕೇಳಿದರು. ಮೂಲೆಯ ಕೆಂಪು ಮಣ್ಣಿಗೆ ಹುಯ್ದರೆ ಏನೂ ಇಲ್ಲ, ಸುಮ್ನೆ ಹೀರಿಕೊಂಡಿತು. ಅಪ್ಪ ಇನ್ನೂ ಎರಡು ಸಲ ತಾವೇ ಹುಯ್ದು ನೋಡಿದರು. ಕ್ಯಾನ್ ಮಾತು ಅಲ್ಲಿಗೆ ನಿಂತಿತು.

ಈಗ ನನ್ನ ಪ್ರಶ್ನೆ. ಪಿಎಚ್ ಇಳಿಯೋದೇ ಇಲ್ಲ ಅಂದಮೇಲೆ ಏನು ಮಾಡೋದು, ಸುಮ್ಮನಿರೋದಾ?

ದಾಳಿಂಬೆ_ಹಿರಿಯೂರು
ಇದಕ್ಕೆ ನಾನು ಹೇಳುತ್ತೇನೆ, ನಮ್ಮದೂ ಹಿರಿಯೂರು ಕಡೆ ಸುಣ್ಣದ ಎರೆಯೇ. ಪಿಎಚ್ ಇಳಿಸೋ ಹುಚ್ಚು ನಮ್ಮ ಮನೆಯವರಿಗೂ ಇತ್ತು. ಆಮೇಲೆ ಬಬ್ಬೂರು ಫಾರಂನಲ್ಲಿ ಒಬ್ಬರು ಹೇಳಿದ ಮಾತು ತಲೆಗೆ ಹೋಯ್ತು: ಪಿಎಚ್ ಜೊತೆ ಜಗಳ ಆಡಬೇಡಿ, ಅದು ಏನನ್ನ ಕಟ್ಟಿಹಾಕುತ್ತೆ ಅಂತ ನೋಡಿ ಅಷ್ಟನ್ನ ಕೊಡಿ ಅಂತ.

ಕಟ್ಟಿಹಾಕೋದು ಮುಖ್ಯವಾಗಿ ಸತು, ಕಬ್ಬಿಣ, ರಂಜಕ. ಮೆಕ್ಕೆಜೋಳದಲ್ಲಿ ಸತು ಕೊರತೆ ಬಲು ಬೇಗ ಕಾಣುತ್ತೆ. ಹೊಸ ಎಲೆಯ ಬುಡದಲ್ಲಿ, ನಡುನರದ ಎರಡೂ ಪಕ್ಕ ಬಿಳಿ ಪಟ್ಟಿ ಬರುತ್ತೆ, ಸುಳಿಯೇ ಬೆಳ್ಳಗೆ ಕಾಣುತ್ತೆ. ಅದಕ್ಕೆ ಬಿತ್ತನೆಗೆ ಮೊದಲು ಎಕರೆಗೆ 10 ಕೆಜಿ ಸತುವಿನ ಸಲ್ಫೇಟ್, ಗೊಬ್ಬರದ ಪುಡಿ ಜೊತೆ ಕಲಸಿ ಹಾಕಿ. ಡಿಎಪಿ ಜೊತೆ ಮಾತ್ರ ಬೆರೆಸಬೇಡಿ, ಎರಡೂ ಕಚ್ಚಿಕೊಂಡು ಎರಡೂ ದಂಡ. ಕಬ್ಬಿಣ ಮಣ್ಣಿಗೆ ಹಾಕಿದರೆ ನಮ್ಮ ಮಣ್ಣಲ್ಲಿ ಬೇಗ ಕೆಲಸಕ್ಕೆ ಬಾರದ ಹಾಗೆ ಆಗಿಬಿಡುತ್ತೆ, ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಲೀಟರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಎಲೆ ಮೇಲೆ ಹೊಡೆಯಬೇಕು. ಡಿಎಪಿ ಎರಚೋದು ಬಿಟ್ಟು ಕೂರಿಗೆಯಲ್ಲಿ ಬೀಜದ ಪಕ್ಕಕ್ಕೆ ಬೀಳೋ ಹಾಗೆ ಮಾಡಿ.

ಲ್ಯಾಬ್_ಹಳಬ
ಅಕ್ಕ ಸರಿಯಾಗಿ ಹೇಳಿದರು. ಒಂದು ಸೇರಿಸುತ್ತೇನೆ. ಇಂಥ ಮಣ್ಣಲ್ಲಿ ಯೂರಿಯಾ ಮೇಲೆ ಎರಚಿ ಬಿಟ್ಟರೆ ಅಮೋನಿಯ ಗಾಳಿಗೆ ಹೋಗುತ್ತೆ. ಎರಚಿದ ತಕ್ಷಣ ಎಡೆಕುಂಟೆ ಹೊಡೆದು ಮುಚ್ಚಬೇಕು, ಇಲ್ಲವೇ ಮಳೆ ಬರುವ ಮುಂಚೆ ಹಾಕಬೇಕು. ಮಳೆ ನಿಂತ ಮೇಲೆ ಹಸಿ ಮಣ್ಣಿನ ಮೇಲೆ ಎರಚಿ ಬಿಸಿಲು ಬಿದ್ದರೆ ಅದೇ ಕೆಟ್ಟದ್ದು, ನಮ್ಮ ಕಡೆ ಎಲ್ಲರೂ ಮಾಡೋದೂ ಅದೇ.

ಅಂಗಡಿ_ಹೊಳಲ್ಕೆರೆ
ಸತು ನನ್ನ ಹತ್ತಿರ ಇದೆ, ಬೇಕಾದವರು ಬನ್ನಿ 🙂

ದೇಸಿ_ಹಸು_ಚಳ್ಳಕೆರೆ
ಇಷ್ಟೆಲ್ಲ ಸಲ್ಫೇಟ್ ಪುರಾಣ ಯಾಕೆ? ಜೀವಾಮೃತ ಕೊಡಿ. 200 ಲೀಟರ್ ಎಕರೆಗೆ. ಇಂಗಾಲ ತಾನಾಗಿ ಏರುತ್ತೆ. ನಮ್ಮ ಹೊಲದಲ್ಲಿ ಎರೆಹುಳ ನೋಡಬೇಕು ನೀವು.

ಕೃಷಿ_ಡಿಪ್ಲೊಮಾ
ಅಣ್ಣಾ, ಲ್ಯಾಬ್ ಸರ್ ಲೆಕ್ಕವನ್ನ ಇದಕ್ಕೂ ಹಾಕಿ ನೋಡೋಣ. 200 ಲೀಟರಿಗೆ 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು. ಹಸಿ ಸಗಣಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. ಎಲ್ಲಾ ಸೇರಿ ಎರಡೂವರೆ ಕೆಜಿ ಇಂಗಾಲ ಆಗಬಹುದು. 0.1 ಏರೋಕೆ ಬೇಕಾದ್ದು 900.

ದೇಸಿ_ಹಸು_ಚಳ್ಳಕೆರೆ
ಜೀವಾಮೃತ ಗೊಬ್ಬರ ಅಲ್ಲ, ಜೀವಾಣು. ಅದರ ತೂಕ ನೋಡಬಾರದು. ಜೊತೆಗೆ ಹೊದಿಕೆ ಹಾಕಬೇಕು ಅಂತ ನಾವು ಯಾವಾಗಲೂ ಹೇಳುತ್ತೇವೆ. ಇಂಗಾಲ ಆ ಹೊದಿಕೆಯಿಂದ ಬರುತ್ತೆ.

ಕೃಷಿ_ಡಿಪ್ಲೊಮಾ
ಹಾಗಾದರೆ ಏರಿದ್ದು ಹೊದಿಕೆಯಿಂದ ಅಂತ ಹೇಳಿ, ಡ್ರಮ್ಮಿನಿಂದ ಅಂತ ಹೇಳಬೇಡಿ.

ದೇಸಿ_ಹಸು_ಚಳ್ಳಕೆರೆ
ಜೀವಾಣು ಇಲ್ಲದೆ ಹೊದಿಕೆ ಕರಗುತ್ತಾ? ಪುಸ್ತಕ ಓದಿದವರ ಜೊತೆ ವಾದ ಬೇಡಪ್ಪ.

ನಾಲೆ_ಕೊನೆ_ಹರಿಹರ
ಇಬ್ಬರೂ ಬೇರೆ ಪೋಸ್ಟ್ ಹಾಕಿಕೊಂಡು ಜಗಳ ಆಡಿ. ಯಜಮಾನರೇ, ಕೊಟ್ಟಿಗೆ ಗೊಬ್ಬರದ ಲೆಕ್ಕ ಹೇಳಿ, ನಮಗೆಲ್ಲ ಅದೇ ಬೇಕಾಗಿರೋದು.

ಲ್ಯಾಬ್_ಹಳಬ
ಕೊಟ್ಟಿಗೆ ಗೊಬ್ಬರ ಒಂದು ಟನ್ ಅಂದರೆ ಅರ್ಧ ನೀರು. ಉಳಿದ 500 ಕೆಜಿಯಲ್ಲಿ ಮಣ್ಣು, ಬೂದಿ ಎಲ್ಲ ಬೆರೆತಿರುತ್ತೆ, ಇಂಗಾಲ 150 ಕೆಜಿ ಇದ್ದರೆ ಒಳ್ಳೇ ಗೊಬ್ಬರ. ನಮ್ಮ ಬಿಸಿಲಿಗೆ ಅದರಲ್ಲಿ ಬಹುಪಾಲು ಒಂದೆರಡು ವರ್ಷದಲ್ಲಿ ಗಾಳಿಗೆ ಹೋಗುತ್ತೆ. ಐದನೇ ಒಂದು ಪಾಲು ನಿಂತರೆ ಅದೃಷ್ಟ, ಅಂದರೆ ಟನ್ನಿಗೆ 30 ಕೆಜಿ. ಎಕರೆಗೆ ಐದು ಟ್ರ್ಯಾಕ್ಟರ್ ಲೋಡ್, ಲೋಡಿಗೆ 2 ಟನ್ ಅಂತ ಹಿಡಿದರೆ 10 ಟನ್. ನಿಂತದ್ದು 300 ಕೆಜಿ. ರಿಪೋರ್ಟಿನಲ್ಲಿ ಅದು 0.03. ಮೂರು ವರ್ಷ ಬಿಡದೆ ಹೊಡೆಸಿದರೆ 0.1 ಏರಬಹುದು, ಅದೂ ಇದ್ದ ಹಳೇ ಇಂಗಾಲ ಕರಗದೆ ಇದ್ದರೆ. ಆದ್ದರಿಂದ ವರ್ಷ ವರ್ಷ ಇಂಗಾಲ ಅಳೆಸಿ ಏರಿತೋ ಇಳಿಯಿತೋ ಅಂತ ನೋಡೋದರಲ್ಲಿ ಅರ್ಥವಿಲ್ಲ. 0.03 ವ್ಯತ್ಯಾಸ ಒಂದೇ ಮಣ್ಣನ್ನ ಎರಡು ಸಲ ಪರೀಕ್ಷೆ ಮಾಡಿದರೂ ಬರುತ್ತೆ.

ಜಗಳೂರು_ಶೇಂಗಾ
ಐದು ಲೋಡಾ! ಒಂದು ಲೋಡ್ ತಿಪ್ಪೆ ಗೊಬ್ಬರದ ರೇಟ್ ಕೇಳಿದ್ದೀರಾ ಈಗ? ಮನೆಯಲ್ಲಿ ಎತ್ತು ಇಲ್ಲ, ಎಮ್ಮೆ ಇಲ್ಲ. ಗೊಬ್ಬರ ಎಲ್ಲಾ ಅಡಿಕೆ ತೋಟಕ್ಕೆ ಹೋಗುತ್ತೆ. ಚನ್ನಗಿರಿಯವರೇ ಉತ್ತರ ಕೊಡಲಿ.

ಅಡಿಕೆ_ಚನ್ನಗಿರಿ
ದುಡ್ಡು ಕೊಟ್ಟು ತಗೊಳ್ಳುತ್ತೇವೆ ಸ್ವಾಮಿ, ಕದ್ದಿಲ್ಲ.

ದಾಳಿಂಬೆ_ಹಿರಿಯೂರು
ಐದು ಲೋಡ್ 0.03 ಮಾತ್ರ ಅಂದರೆ ಜನ ಗೊಬ್ಬರ ಹಾಕೋದೇ ಬಿಡುತ್ತಾರೆ ಸರ್. ಗಾಳಿಗೆ ಹೋದ ಪಾಲು ಪೂರ್ತಿ ನಷ್ಟ ಅಲ್ಲವಲ್ಲ?

ಲ್ಯಾಬ್_ಹಳಬ
ನಷ್ಟ ಅಲ್ಲ. ಅದು ಕರಗುವಾಗಲೇ ಬೆಳೆಗೆ ಸಾರಜನಕ ಸಿಗೋದು, ಸತು ಬಿಡುಗಡೆ ಆಗೋದು. ರಿಪೋರ್ಟಿನಲ್ಲಿ ಕಾಣೋದು ಉಳಿದದ್ದು, ಬೆಳೆ ತಿನ್ನೋದು ಕರಗಿದ್ದನ್ನ. ಗೊಬ್ಬರ ಇಲ್ಲದವರು ಸೊಪ್ಪೆ ಸುಡೋದು ನಿಲ್ಲಿಸಿದರೂ ಸಾಕಷ್ಟು ಆಯ್ತು. ಮೆಕ್ಕೆಜೋಳದ ಸೊಪ್ಪೆ ಎಕರೆಗೆ ಎರಡು ಟನ್ ಒಣ ತೂಕ ಅಂದರೆ ಅದರಲ್ಲೇ 800 ಕೆಜಿ ಇಂಗಾಲ ಇದೆ. ಬೆಂಕಿ ಇಟ್ಟರೆ ಒಂದು ಮಧ್ಯಾಹ್ನದಲ್ಲಿ ಹೋಯ್ತು.

ಜಗಳೂರು_ಶೇಂಗಾ
ಸೊಪ್ಪೆ ಹಾಗೇ ಬಿಟ್ಟರೆ ಕಡಲೆ ಬಿತ್ತೋದು ಹೇಗೆ? ಕೂರಿಗೆಗೆ ಸಿಕ್ಕಿಹಾಕಿಕೊಳ್ಳುತ್ತೆ. ರೋಟವೇಟರ್ ಹೊಡೆಸೋಕೆ ಬಾಡಿಗೆ ಯಾರು ಕೊಡುತ್ತಾರೆ? ಲೆಕ್ಕ ಹಾಕೋರಿಗೆ ಹೊಲದ ಕಷ್ಟ ಗೊತ್ತಿಲ್ಲ.

ಲ್ಯಾಬ್_ಹಳಬ
ಅದು ನಿಜ. ನನ್ನ ಹತ್ತಿರ ಇದಕ್ಕೆ ಸುಲಭದ ಉತ್ತರ ಇಲ್ಲ.

ನಾಲೆ_ಕೊನೆ_ಹರಿಹರ
ಕೆರೆ ಗೋಡು ಹೊಡೆಸಿದರೆ?

ದಾಳಿಂಬೆ_ಹಿರಿಯೂರು
ಕೆಂಪು, ಮರಳು ಹೊಲಕ್ಕೆ ಗೋಡು ಒಳ್ಳೇದು. ಎರೆ ಹೊಲಕ್ಕೆ ಗೋಡು ಹೊಡೆಸೋದು ಸುಮ್ನೆ ಡೀಸೆಲ್ ಖರ್ಚು.

ಎರೆಹೊಲ_ಭರಮಸಾಗರ
ಈಗ ಹೊಸದಾಗಿ ಮಣ್ಣು ಕೊಡಬೇಕು ಅಂತ ಮಾಡಿದ್ದೇವೆ. ಹೇಗೆ ತೆಗೆಯಬೇಕು ಅಂತ ಯಾರಾದರೂ ಸರಿಯಾಗಿ ಹೇಳಿ.

ಕೃಷಿ_ಡಿಪ್ಲೊಮಾ
ಕೊಯ್ಲು ಆದ ಮೇಲೆ, ಗೊಬ್ಬರ ಹಾಕೋಕೆ ಮುಂಚೆ. ನಾಲ್ಕೂ ಎಕರೆ ಒಂದೇ ತರ ಇದ್ದರೆ ಒಂದೇ ಮಾದರಿ ಸಾಕು. ಕ್ಯಾನ್ ಹಾಕಿದ ಎಕರೆ ಬೇರೆ ನೋಡಬೇಕು ಅಂದರೆ ಅದನ್ನ ಬೇರೆಯಾಗಿ ತೆಗೆಯಿರಿ. ಹಾವು ಹರಿದ ಹಾಗೆ ಅಂಕುಡೊಂಕಾಗಿ ನಡೆದು 15 ಕಡೆ ತೆಗೆಯಬೇಕು. ಬದು, ತಿಪ್ಪೆ ಜಾಗ, ಮರದ ನೆರಳು, ಗಾಡಿ ದಾರಿ ಬಿಡಿ. ಮೇಲಿನ ಕಸ ಕಾಲಲ್ಲಿ ಸರಿಸಿ, ಆರು ಇಂಚು ಆಳಕ್ಕೆ ವಿ ಆಕಾರದಲ್ಲಿ ಗುಂಡಿ ಮಾಡಿ, ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಇಂಚು ದಪ್ಪಕ್ಕೆ ಹೆರೆದು ಪ್ಲಾಸ್ಟಿಕ್ ಬಕೆಟಿಗೆ ಹಾಕಿ. ಕಂಪನಿ ಹುಡುಗ ಮಾಡಿದ ಹಾಗೆ ಮೇಲೆ ಮೇಲೆ ಕೆದಕಿದರೆ ಇಂಗಾಲ ಜಾಸ್ತಿ ಬರುತ್ತೆ, ಯಾಕಂದರೆ ಉದುರಿದ ಎಲೆ, ಸಗಣಿ ಎಲ್ಲ ಮೇಲಿನ ಎರಡು ಇಂಚಿನಲ್ಲೇ ಇರುತ್ತೆ.

ಎಲ್ಲವನ್ನೂ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಬಿಸಾಡಿ, ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ. ಯೂರಿಯಾ ಚೀಲದ ಮೇಲೆ ಮಾತ್ರ ಒಣಹಾಕಬೇಡಿ. ತಗಡಿನ ಪುಟ್ಟಿಯೂ ಬೇಡ, ಸತುವಿನ ನಂಬರ್ ಕೆಡುತ್ತೆ.

ಅಡಿಕೆ_ಚನ್ನಗಿರಿ
ಅಡಿಕೆ ತೋಟಕ್ಕೂ ಇದೇನಾ ಆರು ಇಂಚು?

ಕೃಷಿ_ಡಿಪ್ಲೊಮಾ
ಅಲ್ಲ ಸರ್, ಅಡಿಕೆಗೆ ಇನ್ನೂ ಆಳಕ್ಕೆ ಹೋಗಬೇಕು, ಒಂದು ಅಡಿ, ಎರಡು ಅಡಿ ಪದರ ಬೇರೆ ಬೇರೆ ತೆಗೆಯಬೇಕು. ಬೇರೆ ಪೋಸ್ಟ್ ಹಾಕಿ, ಅಲ್ಲಿ ಬರೆಯುತ್ತೇನೆ.

ಎರೆಹೊಲ_ಭರಮಸಾಗರ
ರಿಪೋರ್ಟ್ ಬಂತು. ಎರಡು ಮಾದರಿ ಕೊಟ್ಟಿದ್ದೆವು. ಕ್ಯಾನ್ ಹಾಕಿದ ಎಕರೆ: ಪಿಎಚ್ 8.3, ಇಂಗಾಲ 0.44. ಹಾಕದ ಮೂರು ಎಕರೆ: ಪಿಎಚ್ 8.3, ಇಂಗಾಲ 0.46. ಸತು ಎರಡರಲ್ಲೂ ಕಡಿಮೆ. ಸಾರಜನಕ ಎರಡರಲ್ಲೂ ಕಡಿಮೆ. ಲವಣದ ತೊಂದರೆ ಇಲ್ಲ.

ಓದುಗ_ಮಾತ್ರ
ಕ್ಯಾನ್ ಹಾಕದೇ ಇದ್ದ ಕಡೆ ಜಾಸ್ತಿ 😂

ಅಂಗಡಿ_ಹೊಳಲ್ಕೆರೆ
0.02 ಅಷ್ಟೇ, ಅದನ್ನ ಹಿಡಿದು ನಗಬೇಡಿ. ಲ್ಯಾಬ್ ಸರ್ ಅವರೇ ಹೇಳಿದರಲ್ಲ 0.03 ಲೆಕ್ಕಕ್ಕಿಲ್ಲ ಅಂತ.

ಲ್ಯಾಬ್_ಹಳಬ
ಅಂಗಡಿಯವರು ಹೇಳಿದ್ದು ಸರಿ. ಎರಡೂ ಒಂದೇ ಅಂತ ತಿಳಿ. 0.5 ಒಳಗಿದೆ, ಆದ್ದರಿಂದ "ಕಡಿಮೆ". ಸಾರಜನಕವೂ ಕಡಿಮೆ ಅಂತ ಬಂದದ್ದು ನೋಡಿ ಎರಡು ತೊಂದರೆ ಅಂದುಕೊಳ್ಳಬೇಡ. ಎಷ್ಟೋ ಲ್ಯಾಬಿನಲ್ಲಿ ಇಂಗಾಲದ ನಂಬರಿನಿಂದಲೇ ಸಾರಜನಕದ ಮಟ್ಟ ಬರೆಯುತ್ತಾರೆ. ಒಂದೇ ಮಾತನ್ನ ಎರಡು ಸಾಲಲ್ಲಿ ಹೇಳಿದ ಹಾಗೆ. ನಿಮ್ಮ ಲ್ಯಾಬಿನವರು ಬೇರೆ ಅಳೆದಿದ್ದಾರಾ ಅಂತ ಕೇಳಿ ನೋಡು.

ಇದರಿಂದಲೇ ಆ ಫ್ರೀ ರಿಪೋರ್ಟ್ ಅಪಾಯ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ 40 ಕೆಜಿ ಸಾರಜನಕ ಬೇಕು. 0.81 ನಂಬಿ ಕಾಲು ಭಾಗ ಇಳಿಸಿದ್ದರೆ 10 ಕೆಜಿ ಸಾರಜನಕ, ಅಂದರೆ ಅರ್ಧ ಚೀಲ ಯೂರಿಯಾ ಕಡಿಮೆ ಬೀಳುತ್ತಿತ್ತು. ಇಂಗಾಲವೇ ಕಡಿಮೆ ಇರೋ ಹೊಲದಲ್ಲಿ. ತೆನೆ ಕಟ್ಟುವ ಹೊತ್ತಿಗೆ ಕೆಳಗಿನ ಎಲೆ ತುದಿಯಿಂದ ಹಳದಿ ಹತ್ತುತ್ತಿತ್ತು.

ಎರೆಹೊಲ_ಭರಮಸಾಗರ
ಆದರೂ ಒಂದು ಸರ್. ಚೀಟಿಯಲ್ಲಿ 0.38, ಈಗ 0.45. ಹಾಗಾದರೆ ನಿಜವಾಗಿ ಏರಿದೆಯಾ ಇಲ್ಲವಾ? ಅಪ್ಪ ಎರಡು ವರ್ಷದಿಂದ ಸೊಪ್ಪೆ ಸುಟ್ಟಿಲ್ಲ, ಅದರಿಂದಲೇ ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ.

ಕೃಷಿ_ಡಿಪ್ಲೊಮಾ
ಚೀಟಿಯ ಮಣ್ಣು ನಿಮ್ಮ ಹೊಲದ್ದೇ ಅಂತ ಗೊತ್ತಿಲ್ಲವಲ್ಲ. ಹೋಲಿಸೋಕೆ ಬರೋದಿಲ್ಲ. 0.45 ಅನ್ನೇ ಮೊದಲ ನಂಬರ್ ಅಂತ ಇಟ್ಟುಕೊಂಡು ಮೂರು ವರ್ಷ ಬಿಟ್ಟು ಅದೇ ತಿಂಗಳಲ್ಲಿ, ಅದೇ ಲ್ಯಾಬಿಗೆ ಕೊಡಿ.

ದೇಸಿ_ಹಸು_ಚಳ್ಳಕೆರೆ
ಸೊಪ್ಪೆಯಿಂದ ಏರಿರಬಾರದು ಅಂತ ಏನಿಲ್ಲವಲ್ಲ. ಅವರ ಅಪ್ಪ ಹೇಳೋದನ್ನೂ ಸ್ವಲ್ಪ ಕೇಳಿ.

ಜಗಳೂರು_ಶೇಂಗಾ
ಅದೆಲ್ಲ ಇರಲಿ. ಸೊಪ್ಪೆ ಸುಡದೆ ಕಡಲೆ ಹೇಗೆ ಬಿತ್ತಿದರು ಅಂತ ನಿಮ್ಮ ಅಪ್ಪನನ್ನ ಕೇಳಿ ಹೇಳಿ ಮಾರಾಯ್ರೇ, ನನಗೆ ಅದು ಬೇಕು.

ಎರೆಹೊಲ_ಭರಮಸಾಗರ
ಅರ್ಧ ದನಕ್ಕೆ ಮೇವಿಗೆ ಕಟ್ಟಿದರಂತೆ. ಉಳಿದದ್ದನ್ನ ಬದುವಿಗೆ ಎಳೆದು ಹಾಕಿ ಬಿತ್ತಿ, ಕಡಲೆ ಮೊಳಕೆ ಬಂದ ಮೇಲೆ ಸಾಲಿನ ನಡುವೆ ತಂದು ಹರಡಿದರಂತೆ. ಆಳು ಖರ್ಚು ಕೇಳಿದೆ, ಮಾತು ಬದಲಾಯಿಸಿದರು.